ಎರಡು ಫಂಡ್, ಒಂದೇ ನೊಗ: ನಿಮ್ಮ ಹೂಡಿಕೆಗಳು ನಿಜಕ್ಕೂ ಬೇರೆ ಬೇರೆಯೇ ಎಂದು ಅಳೆದು ನೋಡುವುದು ಹೇಗೆ

ಕೆಲವು ವರ್ಷಗಳ ಹಿಂದೆ ನನ್ನ ಬಳಿ ನಾಲ್ಕು ಈಕ್ವಿಟಿ ಫಂಡ್‌ಗಳಿದ್ದವು. ನಾಲ್ಕಕ್ಕೂ ಹೆಸರು ಬೇರೆ, ನಡೆಸುವ ಕಂಪನಿ ಬೇರೆ, ಮ್ಯಾನೇಜರ್ ಬೇರೆ. ಹಣವನ್ನು ಚೆನ್ನಾಗಿ ಹಂಚಿದ್ದೇನೆ ಎಂಬ ನೆಮ್ಮದಿ ನನಗಿತ್ತು. ಒಂದು ದಿನ ಸುಮ್ಮನೆ ಕುತೂಹಲಕ್ಕೆ ನಾಲ್ಕರ ಮೂರು ವರ್ಷದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಬಿದ್ದ ತಿಂಗಳು ನಾಲ್ಕೂ ಬಿದ್ದಿದ್ದವು, ಒಂದು ಎದ್ದ ತಿಂಗಳು ನಾಲ್ಕೂ ಎದ್ದಿದ್ದವು. ಎರಡು ಹೂಡಿಕೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು −1ರಿಂದ +1ರ ನಡುವಿನ ಒಂದು ಸಂಖ್ಯೆಯಲ್ಲಿ ಹೇಳುವ ಅಳತೆಗೆ ಕೋರಿಲೇಷನ್ ಎನ್ನುತ್ತಾರೆ. ಯಾವ ಜೋಡಿ ಹಿಡಿದರೂ ಅದು 0.9ಕ್ಕಿಂತ ಕೆಳಗೆ ಬರಲಿಲ್ಲ. ನನ್ನ ಹತ್ತಿರ ಇದ್ದದ್ದು ನಾಲ್ಕು ಫಂಡ್ ಅಲ್ಲ, ಒಂದೇ ಫಂಡಿನ ನಾಲ್ಕು ಪಾಸ್‌ಬುಕ್.

ಇದನ್ನು ನಾನು ಮೊದಲೇ ಕಂಡುಕೊಳ್ಳಬಹುದಿತ್ತು. ಬೇಕಿದ್ದದ್ದು ಒಂದು ಸ್ಪ್ರೆಡ್‌ಶೀಟ್ ಮತ್ತು ಒಂದು ಗಂಟೆಯ ಕೆಲಸ. ಆ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಕಷ್ಟದ್ದಲ್ಲ. ಆದರೆ ಸಿಕ್ಕ ಸಂಖ್ಯೆಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದರಲ್ಲಿ ಎಡವುವವರೇ ಹೆಚ್ಚು. ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಬೆಲೆ ಬೇಡ, ರಿಟರ್ನ್ ಬೇಕು

ಹೋಲಿಸಬೇಕಾದ ಹೂಡಿಕೆಗಳ ತಿಂಗಳ ಕೊನೆಯ ಬೆಲೆಗಳನ್ನು ತೆಗೆದುಕೊಳ್ಳಿ. ರಿಟರ್ನ್ ಅಂದರೆ ಹಿಂದಿನ ತಿಂಗಳಿಗೆ ಹೋಲಿಸಿದರೆ ಬೆಲೆ ಎಷ್ಟು ಶೇಕಡಾ ಬದಲಾಯಿತು ಎಂಬುದು. 37 ತಿಂಗಳ ಬೆಲೆ ಇದ್ದರೆ 36 ತಿಂಗಳ ರಿಟರ್ನ್ ಸಿಗುತ್ತದೆ. ಡಿವಿಡೆಂಡ್ ಅಥವಾ ಬಡ್ಡಿ ಹಂಚುವ ಹೂಡಿಕೆಯಾದರೆ ಅದನ್ನೂ ಸೇರಿಸಿದ ಬೆಲೆಯೇ ಆಗಬೇಕು. ಇಲ್ಲದಿದ್ದರೆ ಹಂಚಿದ ತಿಂಗಳಲ್ಲಿ ಬೆಲೆ ಇಳಿದಂತೆ ಕಾಣುತ್ತದೆ, ಅದು ನಿಜವಾದ ನಷ್ಟವಲ್ಲ.

ಶೀಟಿನ A ಕಾಲಂನಲ್ಲಿ ತಿಂಗಳು, B, C, D ಕಾಲಂಗಳಲ್ಲಿ ಮೂರು ಹೂಡಿಕೆಗಳ ಬೆಲೆ, 2ನೇ ಸಾಲಿನಿಂದ 38ನೇ ಸಾಲಿನವರೆಗೆ. E3 ಸೆಲ್‌ನಲ್ಲಿ ಇದನ್ನು ಬರೆದು ಪಕ್ಕಕ್ಕೆ G ತನಕ, ಕೆಳಕ್ಕೆ 38ನೇ ಸಾಲಿನ ತನಕ ಎಳೆಯಿರಿ:

```
=B3/B2-1
```

ಬೆಲೆಗಳನ್ನೇ ನೇರವಾಗಿ ಹೋಲಿಸಿದರೆ ಏನಾಗುತ್ತದೆ? ಒಂದು ಹೂಡಿಕೆಯ ಬೆಲೆ 100, 103, 104, 107, 108, 111 ಎಂದು ಏರಿತು ಎನ್ನಿ. ಇನ್ನೊಂದು 100, 101, 104, 105, 108, 109 ಎಂದು ಏರಿತು. ಈ ಎರಡು ಬೆಲೆ ಸಾಲುಗಳ ಕೋರಿಲೇಷನ್ ತೆಗೆದರೆ 0.96 ಬರುತ್ತದೆ, ಅವಳಿ ಮಕ್ಕಳಂತೆ. ಆದರೆ ಒಂದೊಂದು ತಿಂಗಳ ಹೆಜ್ಜೆ ನೋಡಿ. ಮೊದಲನೆಯದು 3, 1, 3, 1, 3. ಎರಡನೆಯದು 1, 3, 1, 3, 1. ಒಂದು ದೊಡ್ಡ ಹೆಜ್ಜೆ ಇಟ್ಟಾಗಲೆಲ್ಲ ಇನ್ನೊಂದು ಸಣ್ಣ ಹೆಜ್ಜೆ ಇಟ್ಟಿದೆ. ಹೆಜ್ಜೆಗಳ ಕೋರಿಲೇಷನ್ −1, ಅಂದರೆ ಪೂರಾ ವಿರುದ್ಧ. ಕಾಲ ಕಳೆದಂತೆ ಎರಡೂ ಮೇಲಕ್ಕೆ ಹೋಗಿವೆ ಎಂಬ ಒಂದೇ ಕಾರಣಕ್ಕೆ ಬೆಲೆಯ ಲೆಕ್ಕ ಮೋಸ ಮಾಡಿತು. ಎರಡು ಬೆಲೆಯ ಗೆರೆಗಳನ್ನು ಒಂದರ ಮೇಲೊಂದು ಹಾಕಿದ ಗ್ರಾಫ್ ತೋರಿಸಿ 'ನೋಡಿ, ಎಷ್ಟು ಹೊಂದಿಕೊಂಡು ಹೋಗುತ್ತಿವೆ' ಎನ್ನುವವರ ಮಾತನ್ನು ನಾನು ಈ ಕಾರಣಕ್ಕೇ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಂತ 2: ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ

ಶೀಟಿನಲ್ಲಿ ಕೋರಿಲೇಷನ್ ಒಂದೇ ಸಾಲಿನಲ್ಲಿ ಸಿಗುತ್ತದೆ:

```
=CORREL(E3:E38,F3:F38)
```

ಆದರೂ ಒಂದು ಸಲ ಕೈಯಾರೆ ಮಾಡಿದರೆ ಆ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಗೊತ್ತಾಗುತ್ತದೆ. ಆರು ತಿಂಗಳ ಒಂದು ಚಿಕ್ಕ ಕಾಲ್ಪನಿಕ ಲೆಕ್ಕ ಇಲ್ಲಿದೆ. ಕ ಮತ್ತು ಖ ಷೇರು ಫಂಡ್‌ಗಳು, ಗ ಒಂದು ಬಾಂಡ್ ಫಂಡ್. ಸಂಖ್ಯೆಗಳೆಲ್ಲ ಶೇಕಡಾ ಲೆಕ್ಕದಲ್ಲಿ.

| ತಿಂಗಳು | ಕ | ಖ | ಗ |
|---|---|---|---|
| 1 | 4 | 5 | 1 |
| 2 | −2 | −3 | 1 |
| 3 | 3 | 2 | 0 |
| 4 | −5 | −6 | 2 |
| 5 | 1 | 2 | −1 |
| 6 | 5 | 6 | 0 |

ಕ ಫಂಡಿನ ಸರಾಸರಿ 1. ಪ್ರತಿ ತಿಂಗಳ ರಿಟರ್ನ್‌ನಿಂದ ಈ 1 ಕಳೆಯಿರಿ: 3, −3, 2, −6, 0, 4. ಖ ಫಂಡಿನ ಸರಾಸರಿಯೂ 1, ಕಳೆದರೆ 4, −4, 1, −7, 1, 5. ಈಗ ಒಂದೊಂದು ತಿಂಗಳಿನ ಎರಡು ಅಂತರಗಳನ್ನು ಗುಣಿಸಿ ಕೂಡಿಸಿ: 12 + 12 + 2 + 42 + 0 + 20 = 88. ಕ ಅಂತರಗಳ ವರ್ಗಗಳ ಮೊತ್ತ 74, ಖ ಅಂತರಗಳದ್ದು 108. ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 89.4. 88ನ್ನು 89.4ರಿಂದ ಭಾಗಿಸಿದರೆ 0.98. ಇದೇ ಕೋರಿಲೇಷನ್. ಇದು +1 ಮತ್ತು −1ರ ನಡುವೆಯೇ ಇರುತ್ತದೆ. +1 ಅಂದರೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, 0 ಅಂದರೆ ಒಂದಕ್ಕೊಂದು ಸಂಬಂಧವಿಲ್ಲ, −1 ಅಂದರೆ ತದ್ವಿರುದ್ಧ. ಇದೇ ರೀತಿ ಕ ಮತ್ತು ಗ ನಡುವೆ ಲೆಕ್ಕ ಹಾಕಿದರೆ ಸುಮಾರು −0.6 ಬರುತ್ತದೆ.

ಲೆಕ್ಕದೊಳಗೆ ಒಂದು ಸೂಕ್ಷ್ಮವಿದೆ. ಮೊದಲು ಮಾಡಿದ ಕೆಲಸವೇ ಸರಾಸರಿಯನ್ನು ಕಳೆದದ್ದು. ಅಂದರೆ ಯಾವ ಹೂಡಿಕೆ ಹೆಚ್ಚು ಗಳಿಸಿತು, ಯಾವುದು ಕಡಿಮೆ ಗಳಿಸಿತು ಎಂಬ ವಿಷಯವನ್ನು ನಾವೇ ಆಚೆ ಹಾಕಿದೆವು. ಖ ಫಂಡ್ ಪ್ರತಿ ತಿಂಗಳೂ ಈಗಿರುವುದಕ್ಕಿಂತ ಒಂದು ಶೇಕಡಾ ಹೆಚ್ಚು ಗಳಿಸಿದ್ದರೂ ಕೋರಿಲೇಷನ್ ಅದೇ 0.98 ಇರುತ್ತಿತ್ತು. ಆದ್ದರಿಂದ 'ಎರಡರ ಲಾಭ ಬೇರೆ ಬೇರೆ ಬಂದಿದೆ, ಹಾಗಾಗಿ ಎರಡೂ ಬೇರೆ ಬೇರೆ' ಎಂಬ ವಾದ ನಿಲ್ಲುವುದಿಲ್ಲ. ಹಾಗೆಯೇ ಕೋರಿಲೇಷನ್ ಋಣಾತ್ಮಕ ಎಂದರೆ ಒಂದು ಗಳಿಸಿದಾಗ ಇನ್ನೊಂದು ಕಳೆದುಕೊಳ್ಳಬೇಕು ಎಂದೂ ಅಲ್ಲ. ಮೊದಲ ತಿಂಗಳು ನೋಡಿ, ಕ ಮತ್ತು ಗ ಎರಡೂ ಗಳಿಸಿವೆ. ಲೆಕ್ಕಕ್ಕೆ ಬರುವುದು ತಂತಮ್ಮ ಸರಾಸರಿಯಿಂದ ಎತ್ತ ಸರಿದವು ಎಂಬುದು ಮಾತ್ರ.

ಹಂತ 3: ಬೆರೆಸಿ ಅಳೆಯಿರಿ

ಕೋರಿಲೇಷನ್ 0.98 ಎಂದರೆ ಜಾಸ್ತಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ 0.8 ಎಂದಾಗ ಅದು ಒಳ್ಳೆಯದೋ ಕೆಟ್ಟದ್ದೋ? ಸಂಖ್ಯೆಯನ್ನು ದಿಟ್ಟಿಸಿದರೆ ತಿಳಿಯುವುದಿಲ್ಲ. ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಬೇರೆ. ಎರಡನ್ನೂ ಅರ್ಧರ್ಧ ಬೆರೆಸಿದರೆ ಆ ಮಿಶ್ರಣ ಎಷ್ಟು ಏರಿಳಿಯುತ್ತದೆ ಎಂದು ಅಳೆಯಿರಿ. ಆಮೇಲೆ ಎರಡರ ಸ್ವಂತ ಏರಿಳಿತದ ಸರಾಸರಿ ತೆಗೆಯಿರಿ. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಎಷ್ಟೋ, ಹಣ ಹಂಚಿದ್ದರಿಂದ ನಿಮಗೆ ಸಿಕ್ಕ ಲಾಭವೂ ಅಷ್ಟೇ.

ಏರಿಳಿತದ ಅಳತೆಗೆ, ರಿಟರ್ನ್‌ಗಳು ತಮ್ಮ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್ ಸಾಕು. H3ರಲ್ಲಿ ಮಿಶ್ರಣದ ರಿಟರ್ನ್ ಬರೆದು ಕೆಳಕ್ಕೆ ಎಳೆಯಿರಿ, ಆಮೇಲೆ ಬೇರೆ ಎರಡು ಸೆಲ್‌ಗಳಲ್ಲಿ ಸರಾಸರಿ ಮತ್ತು ಮಿಶ್ರಣದ ಏರಿಳಿತ:

```
=0.5*E3+0.5*F3
=0.5*STDEV.S(E3:E38)+0.5*STDEV.S(F3:F38)
=STDEV.S(H3:H38)
```

(ಪ್ರತಿ ತಿಂಗಳೂ ಮತ್ತೆ ಅರ್ಧರ್ಧಕ್ಕೆ ಸರಿಹೊಂದಿಸುತ್ತೀರಿ ಎಂದು ಈ ಲೆಕ್ಕ ಭಾವಿಸುತ್ತದೆ. ನೀವು ಹಾಗೆ ಮಾಡದೇ ಇರಬಹುದು, ಆದರೆ ಹೋಲಿಕೆಗೆ ಇದು ಸಾಕು.)

ಮೇಲಿನ ಆರು ತಿಂಗಳಿಗೆ ಇದನ್ನು ಹಾಕಿ ನೋಡೋಣ. ಕ ಫಂಡಿನ ಏರಿಳಿತ ತಿಂಗಳಿಗೆ 3.85 ಶೇಕಡಾ, ಖ ಫಂಡಿನದು 4.65. ಸರಾಸರಿ 4.25. ಎರಡನ್ನೂ ಅರ್ಧರ್ಧ ಬೆರೆಸಿದಾಗ ಬರುವುದು 4.23. ಎರಡು ಫಂಡ್ ಕೊಂಡು, ಎರಡರ ಕಾಗದಪತ್ರ ಇಟ್ಟುಕೊಂಡು, ಎರಡಕ್ಕೂ ಖರ್ಚು ಕೊಟ್ಟು ಕಡೆಗೆ ಗಿಟ್ಟಿದ್ದು 0.02! ಅದೂ ಅಲ್ಲದೆ ಕ ಒಂದನ್ನೇ ಇಟ್ಟುಕೊಂಡಿದ್ದರೆ ಏರಿಳಿತ 3.85 ಇರುತ್ತಿತ್ತು. ಖ ಸೇರಿಸಿದ್ದರಿಂದ ಅಪಾಯ ಜಾಸ್ತಿಯೇ ಆಗಿದೆ.

ಇನ್ನು ಕ ಮತ್ತು ಗ. ಗ ಫಂಡಿನ ಏರಿಳಿತ 1.05, ಸರಾಸರಿ 2.45. ಬೆರೆಸಿದರೆ 1.67. ಈ ಇಳಿಕೆ ಬರೀ ಶಾಂತವಾದ ಫಂಡನ್ನು ಸೇರಿಸಿದ್ದರಿಂದ ಬಂದದ್ದಲ್ಲ, ಆ ಲೆಕ್ಕ 2.45ರಲ್ಲೇ ಮುಗಿದಿತ್ತು. ಅಲ್ಲಿಂದ 1.67ಕ್ಕೆ ಇಳಿದದ್ದು ಎರಡೂ ಬೇರೆ ಬೇರೆ ಸಮಯಕ್ಕೆ ಅಲುಗಾಡಿದ್ದರಿಂದ. ನಾಲ್ಕನೇ ತಿಂಗಳನ್ನೇ ನೋಡಿ. ಕ ಮತ್ತು ಖ ಮಿಶ್ರಣ 5.5 ಶೇಕಡಾ ಕಳೆದುಕೊಂಡರೆ, ಕ ಮತ್ತು ಗ ಮಿಶ್ರಣ ಕಳೆದುಕೊಂಡದ್ದು 1.5.

ದೊಡ್ಡ ಸಂಖ್ಯೆಗಳಲ್ಲಿ ಹೇಳುವುದಾದರೆ, ವರ್ಷಕ್ಕೆ ತಲಾ 20 ಶೇಕಡಾ ಏರಿಳಿಯುವ ಎರಡು ಹೂಡಿಕೆಗಳನ್ನು ಸಮನಾಗಿ ಬೆರೆಸಿದಿರಿ ಎನ್ನಿ. ಕೋರಿಲೇಷನ್ 0.95 ಇದ್ದರೆ ಮಿಶ್ರಣದ ಏರಿಳಿತ 19.7. ಕೋರಿಲೇಷನ್ 0.5 ಇದ್ದರೆ 17.3, ಸೊನ್ನೆ ಇದ್ದರೆ 14.1. ಅರ್ಧಕ್ಕರ್ಧ ಇಳಿದು 10ಕ್ಕೆ ಬರಬೇಕಾದರೆ −0.5 ಬೇಕು. 0.5ರ ಕೋರಿಲೇಷನ್ 'ಅರ್ಧದಷ್ಟು ಲಾಭ' ಕೊಡುತ್ತದೆ ಎಂದು ಅನೇಕರು ಅಂದುಕೊಂಡಿರುತ್ತಾರೆ. ಅದು ಹಾಗಿಲ್ಲ, 20ರಿಂದ ಮೂರು ಅಂಶವೂ ಪೂರ್ತಿ ಇಳಿದಿಲ್ಲ.

ಹಂತ 4: ಯಾಕೆ ಒಟ್ಟಿಗೆ ಓಡುತ್ತಿವೆ ಎಂದು ಹುಡುಕಿ

ಪರೀಕ್ಷೆಯಲ್ಲಿ ಜೋಡಿ ಫೇಲಾದರೆ ಕಾರಣ ಎರಡರಲ್ಲೊಂದು.

ಮೊದಲನೆಯದು ಸುಲಭದ್ದು: ಒಳಗಿರುವ ಸರಕೇ ಒಂದು. ಎರಡೂ ಫಂಡ್‌ಗಳ ಹೂಡಿಕೆ ಪಟ್ಟಿ ತೆಗೆಯಿರಿ. ಎರಡರಲ್ಲೂ ಇರುವ ಪ್ರತಿ ಕಂಪನಿಗೆ ಎರಡು ಪಾಲುಗಳಲ್ಲಿ ಚಿಕ್ಕದನ್ನು ಬರೆದುಕೊಳ್ಳಿ. ಒಂದು ಕಂಪನಿ ಒಂದರಲ್ಲಿ 8 ಶೇಕಡಾ, ಇನ್ನೊಂದರಲ್ಲಿ 6 ಶೇಕಡಾ ಇದ್ದರೆ 6 ಎಂದು. ಎಲ್ಲವನ್ನೂ ಕೂಡಿಸಿದರೆ ಅತಿವ್ಯಾಪ್ತಿ ಎಷ್ಟು ಎಂದು ತಿಳಿಯುತ್ತದೆ. ಮೊತ್ತ 60 ಬಂದರೆ ನಿಮ್ಮ ಎರಡನೇ ಫಂಡಿನ ಪ್ರತಿ 100ರಲ್ಲಿ 60 ಮೊದಲ ಫಂಡಿನಲ್ಲಿದ್ದದ್ದನ್ನೇ ಮತ್ತೆ ಕೊಂಡಂತೆ.

ಎರಡನೆಯದು ಅಷ್ಟು ಸುಲಭಕ್ಕೆ ಕಾಣಿಸುವುದಿಲ್ಲ. ದೊಡ್ಡ ಕಂಪನಿಗಳ ಫಂಡ್ ಒಂದು, ಮಧ್ಯಮ ಕಂಪನಿಗಳ ಫಂಡ್ ಒಂದು ಇಟ್ಟುಕೊಂಡಿದ್ದೀರಿ. ಎರಡರಲ್ಲೂ ಇರುವ ಒಂದೇ ಒಂದು ಕಂಪನಿಯೂ ಇಲ್ಲ, ಅತಿವ್ಯಾಪ್ತಿ ಸೊನ್ನೆ. ಆದರೂ ಕೋರಿಲೇಷನ್ ಎತ್ತರದಲ್ಲೇ ಇರುತ್ತದೆ. ಯಾಕೆಂದರೆ ಎರಡನ್ನೂ ಎಳೆಯುವ ಹಗ್ಗ ಒಂದೇ: ಅದೇ ದೇಶದ ಆರ್ಥಿಕತೆ, ಅದೇ ಬಡ್ಡಿ ದರ, ಅದೇ ಹೂಡಿಕೆದಾರರ ಭಯ ಮತ್ತು ಉತ್ಸಾಹ. ಒಂದು ಹೂಡಿಕೆಯ ಏರಿಳಿತದಲ್ಲಿ ಎರಡು ಭಾಗಗಳಿರುತ್ತವೆ. ಎಲ್ಲಕ್ಕೂ ಸಾಮಾನ್ಯವಾದದ್ದು ಒಂದು, ಅದರದೇ ಸ್ವಂತದ್ದು ಇನ್ನೊಂದು. ಹಲವನ್ನು ಬೆರೆಸಿದಾಗ ಸ್ವಂತ ಭಾಗಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಸಾಮಾನ್ಯ ಭಾಗ ಮಾತ್ರ ಎಷ್ಟು ಬೆರೆಸಿದರೂ ಹಾಗೇ ಉಳಿಯುತ್ತದೆ.

ಇದನ್ನು ಸಂಖ್ಯೆಯಲ್ಲಿ ನೋಡಿದರೆ ಫಂಡ್‌ಗಳನ್ನು ಗುಡ್ಡೆ ಹಾಕುವ ಚಪಲ ಬಿಟ್ಟುಹೋಗುತ್ತದೆ. ತಲಾ 20 ಶೇಕಡಾ ಏರಿಳಿಯುವ ಫಂಡ್‌ಗಳು, ಯಾವ ಜೋಡಿ ಹಿಡಿದರೂ ಕೋರಿಲೇಷನ್ 0.8. ಒಂದಿದ್ದಾಗ ಏರಿಳಿತ 20. ಎರಡು ಇಟ್ಟರೆ 19.0, ನಾಲ್ಕು ಇಟ್ಟರೆ 18.4. ಇಪ್ಪತ್ತು ಇಟ್ಟರೂ 18.0. ನೂರು, ಸಾವಿರ ಇಟ್ಟರೂ 17.9ರ ಕೆಳಗೆ ಹೋಗುವುದಿಲ್ಲ. ಎರಡನೇ ಫಂಡ್ ಒಂದು ಅಂಶ ಇಳಿಸಿತು, ಅದರ ಮೇಲೆ ಹದಿನೆಂಟು ಫಂಡ್ ಸೇರಿಸಿದರೂ ಸಿಕ್ಕಿದ್ದು ಮತ್ತೊಂದೇ ಅಂಶ. ಸಂಖ್ಯೆ ಹೆಚ್ಚಿಸಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೇರೆ ಹಗ್ಗ ಎಳೆಯುವ ಹೂಡಿಕೆಯನ್ನೇ ತರಬೇಕು.

ಹಂತ 5: ಕಡಿಮೆ ಕೋರಿಲೇಷನ್ ಕಂಡರೆ ಕುಣಿಯಬೇಡಿ

ಜಾಸ್ತಿ ಬಂದ ಸಂಖ್ಯೆಯನ್ನು ನಾನು ಬೇಗ ನಂಬುತ್ತೇನೆ, ಕಡಿಮೆ ಬಂದದ್ದನ್ನು ನಂಬುವ ಮುಂಚೆ ಮೂರು ಸಲ ತಡವುತ್ತೇನೆ. ಕಡಿಮೆ ಕೋರಿಲೇಷನ್ ಸುಳ್ಳೇ ಬರಲು ದಾರಿಗಳು ಬಹಳ.

ಒಂದು, ಸಾಕಷ್ಟು ತಿಂಗಳುಗಳಿಲ್ಲದಿರುವುದು. ನಿಜವಾಗಿ ಯಾವ ಸಂಬಂಧವೂ ಇಲ್ಲದ ಎರಡು ಹೂಡಿಕೆಗಳ 36 ತಿಂಗಳ ಲೆಕ್ಕ ತೆಗೆದರೂ ಬರೀ ಆಕಸ್ಮಿಕವಾಗಿ ಕೋರಿಲೇಷನ್ −0.33ರಿಂದ +0.33ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ಹಾಗಾಗಿ 0.1 ಮತ್ತು 0.3ರ ನಡುವೆ ಭೇದ ಎಣಿಸುತ್ತಾ ಕೂರುವುದು ವ್ಯರ್ಥ. ಆರೇ ತಿಂಗಳಾದರೆ ಆಕಸ್ಮಿಕದ ಆಟ ಸುಮಾರು ±0.8ರಷ್ಟು. ಅಂದರೆ ಮೇಲೆ ಕ ಮತ್ತು ಗ ನಡುವೆ ಬಂದ −0.6 ಲೆಕ್ಕ ತೋರಿಸಲು ಸರಿ, ಹಣ ಹಾಕಲು ಆಧಾರವಲ್ಲ. ಖ ಜೊತೆಗಿನ 0.98 ಮಾತ್ರ ಆರೇ ತಿಂಗಳಲ್ಲೂ ಸುಮ್ಮನೆ ಬರುವಂಥದ್ದಲ್ಲ.

ಎರಡು, ನಿದ್ದೆ ಮಾಡುವ ಬೆಲೆ. ಇದೇ ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿರುವುದು. ಮಾರುಕಟ್ಟೆಯಲ್ಲಿ ದಿನಾ ಕೈ ಬದಲಾಗದ ಆಸ್ತಿಗಳಿವೆ: ಕಟ್ಟಡಗಳು, ಪಟ್ಟಿಯಾಗದ ಕಂಪನಿಗಳ ಪಾಲು, ಅಪರೂಪಕ್ಕೆ ವ್ಯಾಪಾರವಾಗುವ ಬಾಂಡ್‌ಗಳು. ಇವುಗಳ ಬೆಲೆಯನ್ನು ಮೂರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಯಾರೋ ಅಂದಾಜು ಮಾಡಿ ಬರೆಯುತ್ತಾರೆ, ಅದೂ ಹಿಂದಿನ ಅಂದಾಜಿಗೆ ಹತ್ತಿರವೇ ಇರುವಂತೆ. ಷೇರು ಬಿದ್ದ ತಿಂಗಳಲ್ಲಿ ಇವು ಅಲುಗಾಡುವುದೇ ಇಲ್ಲ, ಏಕೆಂದರೆ ಆ ತಿಂಗಳು ಯಾರೂ ಬೆಲೆ ಕೇಳಿರುವುದಿಲ್ಲ. ಲೆಕ್ಕದಲ್ಲಿ ಕೋರಿಲೇಷನ್ ಸೊನ್ನೆಯ ಹತ್ತಿರ, ಏರಿಳಿತವೂ ಕಡಿಮೆ, ಎಂಥ ಚಿನ್ನದಂಥ ಹೂಡಿಕೆ! ಪರೀಕ್ಷಿಸುವುದು ಸುಲಭ. ತಿಂಗಳು ತಿಂಗಳೂ ಅಂದಾಜು ಬೆಲೆ ಬರೆಯುವ ಹೂಡಿಕೆಯಾದರೆ ಅದರ ರಿಟರ್ನ್ ಕಾಲಂ ಅನ್ನು ಅದರದೇ ಹಿಂದಿನ ತಿಂಗಳಿನ ಜೊತೆ ಹೋಲಿಸಿ, ಮೂರು ತಿಂಗಳಿಗೊಮ್ಮೆ ಬರೆಯುವುದಾದರೆ ಸಾಲುಗಳೂ ಮೂರು ತಿಂಗಳ ಲೆಕ್ಕದ್ದಾಗಿರಲಿ:

```
=CORREL(G3:G37,G4:G38)
```

ಪ್ರತಿದಿನ ಬೆಲೆ ಕಟ್ಟುವ ಆಸ್ತಿಯಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. 0.5, 0.6 ಎಂದು ಬಂದರೆ ಬೆಲೆ ತಡವಾಗಿ ಎಚ್ಚರಗೊಳ್ಳುತ್ತಿದೆ ಎಂದೇ ಅರ್ಥ. ಆಗ ತಿಂಗಳ ಬದಲು ವರ್ಷದ ರಿಟರ್ನ್ ತೆಗೆದುಕೊಂಡು ಮತ್ತೆ ಹೋಲಿಸಿ, ಮರೆಯಾಗಿದ್ದ ನಂಟು ಎಷ್ಟೋ ಸಲ ಮೇಲೆ ಬರುತ್ತದೆ. ದಿನದ ರಿಟರ್ನ್ ಬಳಸುವವರಿಗೂ ಇದರ ತಮ್ಮನಂಥ ತೊಂದರೆ ಇದೆ. ಟೋಕಿಯೊ ಪೇಟೆ ಮುಚ್ಚಿದ ಮೇಲೆ ನ್ಯೂಯಾರ್ಕ್ ತೆರೆಯುತ್ತದೆ. ನ್ಯೂಯಾರ್ಕಿನ ಕುಸಿತ ಟೋಕಿಯೊದಲ್ಲಿ ಕಾಣುವುದು ಮರುದಿನದ ಸಾಲಿನಲ್ಲಿ. ಒಂದೇ ತಾರೀಖಿನ ಸಾಲುಗಳನ್ನು ಹೋಲಿಸಿದರೆ ಎರಡೂ ಇರುವುದಕ್ಕಿಂತ ಹೆಚ್ಚು ಸ್ವತಂತ್ರವಾಗಿ ಕಾಣುತ್ತವೆ. ಅದಕ್ಕೇ ತಿಂಗಳ ರಿಟರ್ನ್ ಎಂದು ಮೊದಲೇ ಹೇಳಿದ್ದು.

ಹಂತ 6: ಕೆಟ್ಟ ತಿಂಗಳುಗಳನ್ನು ಬೇರೆಯಾಗಿ ಓದಿ

ಕೋರಿಲೇಷನ್ ಎಂಬುದು ಎಲ್ಲ ತಿಂಗಳುಗಳ ಸರಾಸರಿ ಕಥೆ. ನಮಗೆ ರಕ್ಷಣೆ ಬೇಕಾಗುವುದು ಕೆಲವೇ ಕೆಟ್ಟ ತಿಂಗಳುಗಳಲ್ಲಿ. 'ಹಾಗಾದರೆ ಬಿದ್ದ ತಿಂಗಳುಗಳನ್ನಷ್ಟೇ ಆರಿಸಿ ಅವುಗಳ ಕೋರಿಲೇಷನ್ ತೆಗೆದರಾಯಿತು' ಎಂದು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಒಂದು ಕಡೆಯ ತಿಂಗಳುಗಳನ್ನಷ್ಟೇ ಆರಿಸಿದಾಗ ಸಂಬಂಧ ಬದಲಾಗದಿದ್ದರೂ ಸಂಖ್ಯೆ ತಾನಾಗಿ ಬದಲಾಗುತ್ತದೆ. ಅದನ್ನು ಉಳಿದ ತಿಂಗಳುಗಳ ಸಂಖ್ಯೆಯ ಪಕ್ಕ ಇಟ್ಟು ತೀರ್ಮಾನಕ್ಕೆ ಬರುವುದು ತಪ್ಪು.

ಇದಕ್ಕಿಂತ ನೇರವಾದ ದಾರಿ: ನಿಮ್ಮ ಮುಖ್ಯ ಹೂಡಿಕೆಯ ಅತಿ ಕೆಟ್ಟ ಐದು ತಿಂಗಳುಗಳನ್ನು ಗುರುತು ಮಾಡಿ, ಅದೇ ಐದು ತಿಂಗಳಲ್ಲಿ ಇನ್ನೊಂದು ಏನು ಮಾಡಿತು ಎಂದು ಪಕ್ಕದಲ್ಲಿ ಬರೆಯಿರಿ. ಯಾವ ಸೂತ್ರವೂ ಬೇಡ, ಕಣ್ಣೇ ಸಾಕು. ಐದಕ್ಕೆ ಐದೂ ತಿಂಗಳು ಎರಡೂ ಬಿದ್ದಿದ್ದರೆ ಒಟ್ಟು ಕೋರಿಲೇಷನ್ 0.4 ಇದ್ದರೂ ನನಗೆ ಅದು ರಕ್ಷಣೆ ಅಲ್ಲ.

2008 ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಕೊಡಬೇಕಾದದ್ದೇ. ಆ ವರ್ಷ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಡಿವಿಡೆಂಡ್ ಸೇರಿಸಿಯೂ 37 ಶೇಕಡಾ ಕಳೆದುಕೊಂಡಿತು. 'ಅಮೆರಿಕ ಬಿದ್ದರೆ ಬೇರೆ ದೇಶಗಳು ಹಿಡಿದುಕೊಳ್ಳುತ್ತವೆ' ಎಂದು ಹಣ ಹಂಚಿದ್ದವರಿಗೆ ಯುರೋಪ್ ಮತ್ತು ಬೆಳೆಯುತ್ತಿರುವ ದೇಶಗಳ ಪೇಟೆಗಳು ಇನ್ನೂ ಜೋರಾಗಿ ಬಿದ್ದದ್ದು ಕಂಡಿತು. ಪಟ್ಟಿಯಾದ ರಿಯಲ್ ಎಸ್ಟೇಟ್ ಟ್ರಸ್ಟ್‌ಗಳು ಬಿದ್ದವು, ಕಚ್ಚಾ ತೈಲ ಬಿತ್ತು. ಸಾಲ ಮಾಡಿ ಹೂಡಿದ್ದ ದೊಡ್ಡ ಸಂಸ್ಥೆಗಳಿಗೆ ನಗದು ಬೇಕಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿದವು. ಮಾರುವವರ ಕೈಯಲ್ಲಿದ್ದವೆಲ್ಲ ಒಟ್ಟಿಗೆ ಇಳಿದವು, ಅವುಗಳ ನಡುವೆ ಬೇರೆ ನಂಟು ಇರಬೇಕಾಗಿಯೂ ಇರಲಿಲ್ಲ. ನಿಜಕ್ಕೂ ಎದುರು ದಿಕ್ಕಿಗೆ ಹೋದದ್ದು ಸರ್ಕಾರಿ ಬಾಂಡ್. ಅಮೆರಿಕದ ಬಾಂಡ್ ಪೇಟೆಯ ಪ್ರಮುಖ ಸೂಚ್ಯಂಕ ಆ ವರ್ಷ ಸುಮಾರು 5 ಶೇಕಡಾ ಗಳಿಸಿತು.

ಇಷ್ಟಕ್ಕೇ ನಿಲ್ಲಿಸಿದರೆ ಬಾಂಡ್ ಎಂದರೆ ಸದಾ ಕಾಯುವ ದೇವರು ಎಂದಾಗಿಬಿಡುತ್ತದೆ. 2022ರಲ್ಲಿ ಅದೇ ಎಸ್ ಆಂಡ್ ಪಿ 500 ಸುಮಾರು 18 ಶೇಕಡಾ ಬಿತ್ತು, ಅದೇ ಬಾಂಡ್ ಸೂಚ್ಯಂಕವೂ ಸುಮಾರು 13 ಶೇಕಡಾ ಬಿತ್ತು. ವ್ಯತ್ಯಾಸ ಇದ್ದದ್ದು ಪೆಟ್ಟಿನ ಬಗೆಯಲ್ಲಿ. 2008ರದ್ದು ಆರ್ಥಿಕತೆ ಕುಸಿಯುವ ಭಯ. ಕಂಪನಿಗಳ ಲಾಭ ಕುಗ್ಗುತ್ತದೆ, ಷೇರು ಬೀಳುತ್ತದೆ, ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸುತ್ತದೆ, ಹಳೆಯ ಬಾಂಡ್‌ಗಳ ಬೆಲೆ ಏರುತ್ತದೆ. 2022ರದ್ದು ಹಣದುಬ್ಬರದ ಪೆಟ್ಟು. ಅಮೆರಿಕದ ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರವಿದ್ದ ದರವನ್ನು ವರ್ಷದೊಳಗೆ 4 ಶೇಕಡಾಕ್ಕಿಂತ ಮೇಲೆ ಒಯ್ದಿತು. ಬಡ್ಡಿ ಏರಿದರೆ ಹಳೆಯ ಬಾಂಡ್‌ನ ಬೆಲೆ ಇಳಿಯುತ್ತದೆ. ಕಂಪನಿಗಳ ಮುಂದಿನ ವರ್ಷಗಳ ಲಾಭಕ್ಕೆ ಇವತ್ತು ಕೊಡಬಹುದಾದ ಬೆಲೆಯೂ ಇಳಿಯುತ್ತದೆ. ಎರಡನ್ನೂ ಎಳೆದ ಹಗ್ಗ ಒಂದೇ ಆಗಿತ್ತು.

ಸುಮಾರು 2000ದಿಂದ 2021ರವರೆಗಿನ ಅಮೆರಿಕದ ಅಂಕಿಗಳನ್ನು ಮಾತ್ರ ನೋಡಿದವರಿಗೆ ಷೇರು ಮತ್ತು ಬಾಂಡ್ ಕೋರಿಲೇಷನ್ ಬಹುಪಾಲು ಋಣಾತ್ಮಕವಾಗಿಯೇ ಕಾಣುತ್ತಿತ್ತು. ಹಣದುಬ್ಬರ ಕಾಡುತ್ತಿದ್ದ 1970ರ ದಶಕವನ್ನೂ ಸೇರಿಸಿ ನೋಡಿದವರಿಗೆ ಅದು ಧನಾತ್ಮಕವಾಗಿದ್ದ ಕಾಲವೂ ಇತ್ತೆಂದು ಗೊತ್ತಿತ್ತು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ಒಂದು ವಾಕ್ಯ ಬರೆದಿಡಿ: ಈ ಎರಡು ಯಾವ ಬಗೆಯ ಪೆಟ್ಟಿಗೆ ಬೇರೆ ದಾರಿ ಹಿಡಿಯುತ್ತವೆ, ಯಾವುದಕ್ಕೆ ಒಟ್ಟಿಗೆ ಬೀಳುತ್ತವೆ? ಆ ವಾಕ್ಯ ಬರೆಯಲು ನಿಮಗೆ ಆಗದಿದ್ದರೆ ಸಿಕ್ಕ ಕಡಿಮೆ ಕೋರಿಲೇಷನ್ ಆ ಕಾಲದ ಆಕಸ್ಮಿಕ ಎಂದೇ ನಾನು ಎಣಿಸುತ್ತೇನೆ.

ಹಂತ 7: ಈಗ ಏನನ್ನು ಇಟ್ಟುಕೊಳ್ಳುವುದು

ಎರಡು ಷೇರು ಫಂಡ್‌ಗಳ ಕೋರಿಲೇಷನ್ 0.95ರ ಆಸುಪಾಸಿನಲ್ಲಿದ್ದರೆ, ಖರ್ಚು ಕಡಿಮೆ ಇರುವುದನ್ನು ಇಟ್ಟುಕೊಂಡು ಹೊಸ ಹಣವನ್ನು ಅದಕ್ಕೇ ಹಾಕುವುದು ನನ್ನ ರೂಢಿ. ಹಳೆಯದನ್ನು ಮಾರುವ ಮುಂಚೆ ತೆರಿಗೆ ಮತ್ತು ನಿರ್ಗಮನ ಶುಲ್ಕ ನೋಡಿಕೊಳ್ಳಿ. ಕೆಲವೊಮ್ಮೆ ಅದರ ಖರ್ಚೇ ಜಾಸ್ತಿಯಾಗಿ, ಹಳೆಯದನ್ನು ಹಾಗೇ ಬಿಟ್ಟು ಹೊಸ ಹಣ ನಿಲ್ಲಿಸುವುದೇ ಜಾಣತನವಾಗುತ್ತದೆ.

ಒಂದು ಅಪವಾದ ಉಂಟು. ಕೋರಿಲೇಷನ್ ದಿನನಿತ್ಯದ ಏರಿಳಿತವನ್ನು ಅಳೆಯುತ್ತದೆ, ಒಂದು ಸಂಸ್ಥೆ ಪೂರ್ತಿ ಮುಳುಗಿಹೋಗುವುದನ್ನಲ್ಲ. ಒಂದೇ ಉದ್ಯಮದ ಎರಡು ಕಂಪನಿಗಳ ಷೇರುಗಳು ವರ್ಷಗಟ್ಟಲೆ 0.8ರಲ್ಲಿ ಜೊತೆಜೊತೆಗೆ ಓಡಿ, ಒಂದು ದಿನ ಒಂದರ ಲೆಕ್ಕಪುಸ್ತಕದಲ್ಲಿ ವಂಚನೆ ಸಿಕ್ಕಿ ಅದೊಂದೇ ನೆಲಕಚ್ಚಬಹುದು. ಅಂಥ ಹೊತ್ತಿಗೆ ಎರಡರಲ್ಲಿ ಹಂಚಿದ್ದು ನಿಜವಾಗಿ ಕೈ ಹಿಡಿಯುತ್ತದೆ, ಹಿಂದಿನ 36 ತಿಂಗಳಿನ ಕೋರಿಲೇಷನ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ಬಿಡಿ ಷೇರುಗಳಲ್ಲಿ ಹಣ ಇಟ್ಟವರು 'ಎಲ್ಲ ಒಟ್ಟಿಗೇ ಓಡುತ್ತವೆ, ಒಂದೇ ಸಾಕು' ಎಂಬ ತೀರ್ಮಾನಕ್ಕೆ ಬರಬಾರದು. ನೂರಾರು ಕಂಪನಿಗಳನ್ನು ಆಗಲೇ ಒಳಗಿಟ್ಟುಕೊಂಡಿರುವ ಫಂಡ್‌ಗಳಿಗೆ ಈ ಕಾಳಜಿ ಅಷ್ಟಾಗಿ ಬೇಕಿಲ್ಲ.

ಹೊಸದನ್ನು ಸೇರಿಸುವಾಗ ಅದರ ಸ್ವಂತ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗಿರುವ ಹೂಡಿಕೆಯ ಏರಿಳಿತವನ್ನು ಹೊಸದರ ಏರಿಳಿತದಿಂದ ಭಾಗಿಸಿ. ಎರಡರ ನಡುವಿನ ಕೋರಿಲೇಷನ್ ಆ ಸಂಖ್ಯೆಗಿಂತ ಕಡಿಮೆ ಇದ್ದರೆ ಮಾತ್ರ ಹೊಸದರ ಸ್ವಲ್ಪ ಪಾಲು ಒಟ್ಟು ಏರಿಳಿತವನ್ನು ಇಳಿಸುತ್ತದೆ. ನಿಮ್ಮದು 15 ಶೇಕಡಾ, ಹೊಸದು 30 ಶೇಕಡಾ ಏರಿಳಿಯುವುದಾದರೆ ಗಡಿ 0.5. ಕೋರಿಲೇಷನ್ 0.6 ಇದ್ದರೆ 'ಪರವಾಗಿಲ್ಲ, ಅಷ್ಟೇನೂ ಜಾಸ್ತಿ ಇಲ್ಲ' ಎನ್ನಿಸಿದರೂ ಅದರ ಒಂದು ಚಿಟಿಕೆ ಕೂಡ ಅಪಾಯವನ್ನು ಏರಿಸುತ್ತದೆ. ಹೆಚ್ಚು ಗಳಿಕೆಯ ಆಸೆಗೆ ಅದನ್ನು ಕೊಳ್ಳುವುದು ಬೇರೆ ಮಾತು, ರಕ್ಷಣೆಗೆಂದು ಕೊಳ್ಳಬೇಡಿ.

ನನ್ನ ನಾಲ್ಕು ಫಂಡ್‌ಗಳಲ್ಲಿ ಕಡೆಗೆ ಒಂದು ಉಳಿಯಿತು. ಉಳಿದ ಮೂರಕ್ಕೆ ಹೋಗುತ್ತಿದ್ದ ತಿಂಗಳ ಹಣದಲ್ಲಿ ಒಂದು ಪಾಲನ್ನು ಅದಕ್ಕೇ ಸೇರಿಸಿ, ಮಿಕ್ಕದ್ದನ್ನು ಕಡಿಮೆ ಅವಧಿಯ ಸರ್ಕಾರಿ ಬಾಂಡ್‌ಗೆ ತಿರುಗಿಸಿದೆ. ಅವಧಿ ಕಡಿಮೆಯಿದ್ದಷ್ಟೂ ಬಡ್ಡಿ ಏರಿದಾಗ ಬೆಲೆ ಬೀಳುವುದು ಕಡಿಮೆ, ಹಾಗಾಗಿ 2022ರಂಥ ಪೆಟ್ಟಿನಲ್ಲೂ ಅದು ಷೇರಿನ ಹಿಂದೆ ಅಷ್ಟು ದೂರ ಜಾರುವುದಿಲ್ಲ. ವರ್ಷಕ್ಕೊಮ್ಮೆ ಶೀಟಿಗೆ ಹನ್ನೆರಡು ಹೊಸ ಸಾಲು ಸೇರಿಸಿ, ಬೆರೆಸಿ ಅಳೆಯುವ ಆ ಎರಡು ಸೆಲ್‌ಗಳನ್ನು ಮತ್ತು ಅತಿ ಕೆಟ್ಟ ಐದು ತಿಂಗಳುಗಳನ್ನು ಮತ್ತೆ ನೋಡುತ್ತೇನೆ.